ಯಾವುದನ್ನು ಎಣಿಸಬೇಕು? ಒಂದು ಸಣ್ಣ ಚಂದಾ ಸಾಫ್ಟ್‌ವೇರ್‌ನ ದರ ಬದಲಾಯಿಸಿದ ಪ್ರಕರಣ

ನಾವಿಬ್ಬರು ಸೇರಿ ನಡೆಸುವ ಸಾಫ್ಟ್‌ವೇರ್ ಮಾಡುವ ಕೆಲಸ ಸರಳವಾದದ್ದು. ಚಿಕಿತ್ಸಾಲಯ, ಪಾಠ ಹೇಳುವವರು, ದುರಸ್ತಿ ಕೆಲಸದವರು ಮೊದಲಾದವರು ತಮ್ಮ ಗಿರಾಕಿಗಳಿಗೆ ಕೊಟ್ಟ ಅಪಾಯಿಂಟ್‌ಮೆಂಟ್‌ಗಳನ್ನು ಅದರ ಕ್ಯಾಲೆಂಡರ್‌ನಲ್ಲಿ ಬರೆದಿಡುತ್ತಾರೆ. ಹಿಂದಿನ ದಿನ ಒಮ್ಮೆ, ಎರಡು ಗಂಟೆ ಮುಂಚೆ ಇನ್ನೊಮ್ಮೆ, ಆ ಗಿರಾಕಿಗಳಿಗೆ ಎಸ್‌ಎಂಎಸ್ ಮೂಲಕ ನೆನಪೋಲೆ ಹೋಗುತ್ತದೆ. ಆರಂಭದಿಂದಲೂ ಎಲ್ಲರಿಗೂ ಒಂದೇ ಮಾಸಿಕ ದರವಿತ್ತು. ಆ ದರವನ್ನು ಇಲ್ಲಿ 100 ಎಂದು ಇಟ್ಟುಕೊಳ್ಳುತ್ತೇನೆ. ನಾಣ್ಯ ಯಾವುದಾದರೂ ಆಗಲಿ, ಮುಂದಿನ ಎಲ್ಲ ಅಂಕಿಗಳೂ ಈ 100ಕ್ಕೆ ಹೋಲಿಸಿದವು.

ಗ್ರಾಹಕರು 240 ಮಂದಿ ಇದ್ದರು. ತಿಂಗಳಿಗೆ 24,000 ಬರುತ್ತಿತ್ತು. ಒಂದು ವರ್ಷದಿಂದ ಆ ಸಂಖ್ಯೆ ಕದಲಿರಲಿಲ್ಲ. ತಿಂಗಳಿಗೆ ಸುಮಾರು ಹತ್ತು ಜನ ಹೊಸದಾಗಿ ಸೇರುತ್ತಿದ್ದರು, ಹತ್ತು ಜನ ಬಿಟ್ಟುಹೋಗುತ್ತಿದ್ದರು. ದರ ಏರಿಸೋಣವೇ, ಇಳಿಸೋಣವೇ ಎಂದು ನಾವು ಬಹಳ ದಿನ ಮಾತಾಡಿಕೊಂಡೆವು. ಆ ಪ್ರಶ್ನೆಯೇ ತಪ್ಪಾಗಿತ್ತು ಎಂಬುದು ಗೊತ್ತಾದದ್ದು ಯಾರು ಎಷ್ಟು ಬಳಸುತ್ತಾರೆ ಎಂಬ ಪಟ್ಟಿಯನ್ನು ಮೊದಲ ಬಾರಿಗೆ ಕೂತು ನೋಡಿದಾಗ.

ಪಟ್ಟಿಯಲ್ಲಿ ಮೂರು ಗುಂಪುಗಳು ಕಂಡವು. 150 ಮಂದಿ ಸಣ್ಣವರು. ಅವರ ಸರಾಸರಿ ತಿಂಗಳಿಗೆ 120 ನೆನಪೋಲೆ. ಮಧ್ಯಮ ಗಾತ್ರದವರು 70 ಮಂದಿ, ಸರಾಸರಿ 600. ಉಳಿದ 20 ಮಂದಿ ದೊಡ್ಡವರು, ಸರಾಸರಿ 4,000. ಒಂದು ನೆನಪೋಲೆ ಕಳುಹಿಸಲು ನಮಗೆ ಸರಾಸರಿ 0.05 ಖರ್ಚಾಗುತ್ತದೆ. ಅಂದರೆ ಸಣ್ಣ ಗ್ರಾಹಕ 100 ಕೊಟ್ಟು 6ರ ಖರ್ಚು ಮಾಡಿಸುತ್ತಿದ್ದ, ಮಧ್ಯಮದವನು 30ರಷ್ಟು. ದೊಡ್ಡ ಗ್ರಾಹಕ ಅದೇ 100 ಕೊಟ್ಟು 200 ಖರ್ಚು ಮಾಡಿಸುತ್ತಿದ್ದ. ಒಟ್ಟು 1,40,000 ನೆನಪೋಲೆಗಳಲ್ಲಿ 80,000 ಈ ಇಪ್ಪತ್ತು ಜನರದೇ. ಎಸ್‌ಎಂಎಸ್‌ಗೆ ನಾವು ತೆರುತ್ತಿದ್ದ 7,000ದಲ್ಲಿ 4,000 ಅವರಿಗಾಗಿ ಹೋಗುತ್ತಿತ್ತು. ಎಸ್‌ಎಂಎಸ್ ಖರ್ಚು ಕಳೆದು ನಮಗೆ ಉಳಿಯುತ್ತಿದ್ದುದು 17,000.

ಬಿಟ್ಟುಹೋಗುವವರ ಲೆಕ್ಕ ಇದರ ಪಕ್ಕದಲ್ಲೇ ಇಟ್ಟಾಗ ಚಿತ್ರ ಪೂರ್ಣವಾಯಿತು. ಸಣ್ಣವರಲ್ಲಿ ತಿಂಗಳಿಗೆ ಒಂಬತ್ತು ಜನ, ಅಂದರೆ ಶೇಕಡಾ 6, ಹೊರಟುಹೋಗುತ್ತಿದ್ದರು. ಮಧ್ಯಮದವರಲ್ಲಿ ತಿಂಗಳಿಗೆ ಒಬ್ಬರು. ದೊಡ್ಡವರಲ್ಲಿ ವರ್ಷವಿಡೀ ಒಬ್ಬರೂ ಇಲ್ಲ. ಏಕರೂಪ ದರ ಒಂದೇ ಹೊತ್ತಿಗೆ ಒಬ್ಬರಿಗೆ ದುಬಾರಿಯೂ ಇನ್ನೊಬ್ಬರಿಗೆ ನಷ್ಟದ ಮಾರಾಟವೂ ಆಗಿತ್ತು. ದರ ಏರಿಸಿದ್ದರೆ ಸಣ್ಣವರು ಇನ್ನೂ ಬೇಗ ಹೋಗುತ್ತಿದ್ದರು. ಇಳಿಸಿದ್ದರೆ ದೊಡ್ಡವರಿಂದ ಆಗುವ ನಷ್ಟ ಹೆಚ್ಚುತ್ತಿತ್ತು. ಒಂದೇ ಅಂಕಿಯನ್ನು ಮೇಲಕ್ಕೋ ಕೆಳಕ್ಕೋ ಸರಿಸಿ ಇದನ್ನು ಸರಿಪಡಿಸಲು ಸಾಧ್ಯವೇ ಇರಲಿಲ್ಲ.

ಏಕರೂಪ ದರ ಎಲ್ಲೆಡೆಯೂ ಕೆಟ್ಟದ್ದು ಎಂದು ಇದರಿಂದ ತಿಳಿಯಬಾರದು. ಇನ್ನೊಬ್ಬ ಬಳಕೆದಾರನನ್ನು ಸೇರಿಸಿಕೊಂಡರೆ ಖರ್ಚು ಬಹುಪಾಲು ಹೆಚ್ಚದ ಸಾಫ್ಟ್‌ವೇರ್‌ಗೆ, ಎಲ್ಲರೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಬಳಸುವಾಗ, ಅದಕ್ಕಿಂತ ನೆಮ್ಮದಿಯ ವ್ಯವಸ್ಥೆ ಇಲ್ಲ. ನಮ್ಮಲ್ಲಿ ಆ ಎರಡು ಷರತ್ತುಗಳೂ ಮುರಿದಿದ್ದವು.

ಮೊದಲು ಮನಸ್ಸು ಹೋದದ್ದು ಬಳಕೆ ಆಧಾರಿತ ದರದ ಕಡೆಗೆ. ನೆನಪೋಲೆಯೊಂದಕ್ಕೆ 0.20, ಬೇರೇನೂ ಇಲ್ಲ. ಹಿಂದಿನ ಆರು ತಿಂಗಳ ಬಳಕೆಯನ್ನು ತೆಗೆದುಕೊಂಡು ಪ್ರತಿ ಗ್ರಾಹಕನಿಗೂ ಕಾಲ್ಪನಿಕ ಬಿಲ್ ಹಾಕಿ ನೋಡಿದೆವು. ದರ ಬದಲಿಸುವ ಯಾರೇ ಆಗಲಿ, ಬೇರೇನು ಬಿಟ್ಟರೂ ಈ ಕೆಲಸವನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಸಣ್ಣವರ ಬಿಲ್ ಸರಾಸರಿ 24ಕ್ಕೆ ಇಳಿಯಿತು, ಮಧ್ಯಮದವರದು 120 ಆಯಿತು, ದೊಡ್ಡವರದು 800ಕ್ಕೆ ಏರಿತು. ಒಟ್ಟು 28,000. ಈಗಿನದಕ್ಕಿಂತ 4,000 ಹೆಚ್ಚು! ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದದ್ದು ಇನ್ನೊಂದಿಲ್ಲ ಎನಿಸಿತು. ಬಳಸಿದಷ್ಟು ಕೊಡು, ಅಷ್ಟೇ.

ಆ 28,000 ಒಂದು ಊಹೆಯ ಮೇಲೆ ನಿಂತಿತ್ತು. ದರ ಬದಲಾದ ಮೇಲೂ ಜನ ಮೊದಲಿನಷ್ಟೇ ನೆನಪೋಲೆ ಕಳುಹಿಸುತ್ತಾರೆ ಎಂಬ ಊಹೆ ಅದು. ಅದನ್ನು ಪರೀಕ್ಷಿಸಲು ಮಧ್ಯಮ ಗುಂಪಿನಿಂದ 12 ಗ್ರಾಹಕರನ್ನು ಕೇಳಿ, ಅವರ ಒಪ್ಪಿಗೆಯ ಮೇಲೆ, ಎರಡು ತಿಂಗಳು ಈ ದರದಲ್ಲಿ ನಡೆಸಿದೆವು. ಅವರ ಸರಾಸರಿ 600ರಿಂದ 390ಕ್ಕೆ ಕುಸಿಯಿತು. ದಾಖಲೆ ತೆಗೆದು ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಹೆಚ್ಚಿನವರು ಎರಡನೆಯ ನೆನಪೋಲೆಯನ್ನು ನಿಲ್ಲಿಸಿದ್ದರು. ಎರಡು ಗಂಟೆ ಮುಂಚೆ ಹೋಗುವುದು ಆ ಎರಡನೆಯದು. ಗಿರಾಕಿ ನಿಜವಾಗಿ ಮನೆ ಬಿಟ್ಟು ಹೊರಡುವಂತೆ ಮಾಡುವುದೂ ಅದೇ. ತಿಂಗಳು ಕಳೆಯುವಷ್ಟರಲ್ಲಿ ಇಬ್ಬರಿಂದ ದೂರು ಬಂತು: "ಈಚೆಗೆ ಹೇಳದೆ ಕೇಳದೆ ಬಾರದಿರುವವರು ಮತ್ತೆ ಹೆಚ್ಚಾಗಿದ್ದಾರೆ. ನಿಮ್ಮ ಸಾಫ್ಟ್‌ವೇರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೇ?"

ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ನಾವು ಮೀಟರ್ ಹಚ್ಚಿದ್ದು ಗ್ರಾಹಕನಿಗೆ ಉಪಯೋಗವಾಗುವ ಕೆಲಸಕ್ಕೇ. ಒಂದೊಂದು ನೆನಪೋಲೆಯೂ ಬಿಲ್‌ನಲ್ಲಿ ಕಾಣತೊಡಗಿದ ಕೂಡಲೇ ಅವನು ಉಳಿತಾಯಕ್ಕೆ ಇಳಿದ. ಉಳಿತಾಯ ಮಾಡಿದಷ್ಟೂ ನಮ್ಮ ಉತ್ಪನ್ನ ಅವನಿಗೆ ಕಡಿಮೆ ಪ್ರಯೋಜನಕ್ಕೆ ಬಂತು. ಕೊನೆಗೆ ಅವನ ಲೆಕ್ಕದಲ್ಲಿ ಅದು ಬೇಡವಾದ ಖರ್ಚಾಗುವುದು ಖಚಿತವಿತ್ತು. ಹನ್ನೆರಡು ಜನರ ಪ್ರಯೋಗ ತೀರಾ ಸಣ್ಣದು, ಒಪ್ಪುತ್ತೇನೆ. ಆದರೂ ಎಲ್ಲರೂ ಶೇಕಡಾ 35ರಷ್ಟು ಕಡಿಮೆ ಮಾಡಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆವು. ಆದಾಯ 18,200, ಎಸ್‌ಎಂಎಸ್ ಖರ್ಚು 4,550, ಉಳಿಯುವುದು 13,650. ಏಕರೂಪ ದರದಲ್ಲಿ ಉಳಿಯುತ್ತಿದ್ದ 17,000ಕ್ಕಿಂತಲೂ ಕಡಿಮೆ.

ಇನ್ನೊಂದು ತೊಡಕು ಕಾಲ್ಪನಿಕ ಬಿಲ್‌ಗಳಲ್ಲೇ ಕಂಡಿತ್ತು. ಒಬ್ಬ ಮಧ್ಯಮ ಗ್ರಾಹಕ ಐದು ತಿಂಗಳು ತಲಾ 300 ಕಳುಹಿಸಿ, ಆರನೆಯ ತಿಂಗಳು 2,000 ಕಳುಹಿಸಿದ್ದ. ಅವನ ಬಿಲ್ 60, 60, 60, 60, 60, ಕೊನೆಗೆ ಒಮ್ಮೆಲೇ 400. ಒಟ್ಟು ಸೇರಿಸಿದರೆ ಅವನು ಏಕರೂಪ ದರಕ್ಕಿಂತ 100 ಮಾತ್ರ ಹೆಚ್ಚು ಕೊಡುತ್ತಾನೆ. ಆದರೆ ಆ 400ರ ಬಿಲ್ ಬಂದ ದಿನ ಅವನು ಆರು ತಿಂಗಳ ಸರಾಸರಿ ಹಾಕಿ ಸಮಾಧಾನ ಪಟ್ಟುಕೊಳ್ಳುವುದಿಲ್ಲ. ಏಕರೂಪ ದರದಲ್ಲಿ ಬಳಕೆಯ ಏರಿಳಿತವನ್ನು ಮಾರುವವನು ಹೊರುತ್ತಾನೆ, ಬಳಕೆ ಆಧಾರಿತ ದರದಲ್ಲಿ ಕೊಳ್ಳುವವನು. ನಮ್ಮ ಗ್ರಾಹಕರು ತಿಂಗಳ ಖರ್ಚನ್ನು ಮೊದಲೇ ಬರೆದಿಟ್ಟುಕೊಳ್ಳುವ ಸಣ್ಣ ವ್ಯವಹಾರದವರು. ಆ ಹೊರೆ ಹೊರಲು ಅವರಿಗೆ ನಮಗಿಂತ ಕಡಿಮೆ ಶಕ್ತಿಯಿತ್ತು.

ಎಣಿಕೆಯ ವಿಚಾರವಾಗಿ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಎಸ್‌ಎಂಎಸ್ ಕಳುಹಿಸುವ ಯಾವ ಉತ್ಪನ್ನದವರೂ ಇದರಲ್ಲಿ ಎಡವಬಹುದು. ನಾವು "ಒಂದು ಸಂದೇಶ" ಎನ್ನುವುದೂ ದೂರಸಂಪರ್ಕ ಜಾಲ "ಒಂದು" ಎಂದು ಎಣಿಸುವುದೂ ಬೇರೆ ಬೇರೆ. ಸಾಮಾನ್ಯ ರೋಮನ್ ಅಕ್ಷರಗಳಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಯುತ್ತವೆ. ಕನ್ನಡದಂಥ ಲಿಪಿಯಾದರೆ 70 ಮಾತ್ರ. ಅದರಲ್ಲೂ "ಕ್ಷ" ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಮೂರು. ಮಿತಿ ದಾಟಿದರೆ ಸಂದೇಶ ತುಂಡಾಗಿ ಹೋಗುತ್ತದೆ, ತುಂಡುಗಳನ್ನು ಜೋಡಿಸುವ ಮಾಹಿತಿಗೂ ಜಾಗ ಬೇಕಾದ್ದರಿಂದ ಪ್ರತಿ ತುಂಡಿನ ಮಿತಿ 153ಕ್ಕೆ ಅಥವಾ 67ಕ್ಕೆ ಇಳಿಯುತ್ತದೆ. ರೋಮನ್ ಅಕ್ಷರಗಳ ಸಂದೇಶದಲ್ಲಿ ಒಂದೇ ಒಂದು ಎಮೋಜಿ ಸೇರಿದರೂ ಇಡೀ ಸಂದೇಶದ ಮಿತಿ 70ಕ್ಕೆ ಬರುತ್ತದೆ. ತುಂಡುಗಳ ಲೆಕ್ಕದಲ್ಲಿ ಬಿಲ್ ಹಾಕಿದ್ದರೆ, "ನಾನು 390 ಕಳುಹಿಸಿದೆ, ನೀವು 610 ಎನ್ನುತ್ತೀರಿ" ಎಂಬ ಜಗಳಕ್ಕೆ ಕೊನೆಯೇ ಇರುತ್ತಿರಲಿಲ್ಲ. ಗ್ರಾಹಕ ತನ್ನ ಪರದೆಯಲ್ಲಿ ತಾನೇ ಎಣಿಸಬಲ್ಲದ್ದನ್ನು ಮಾತ್ರ ಬಿಲ್‌ನಲ್ಲಿ ಎಣಿಸಬೇಕು ಎಂದು ಆಗಲೇ ನಿರ್ಧರಿಸಿದೆವು. ಬರಹದ ಉದ್ದವನ್ನು ಎರಡು ತುಂಡುಗಳಿಗೆ ಸೀಮಿತಗೊಳಿಸಿ, ವ್ಯತ್ಯಾಸವನ್ನು ನಾವೇ ಭರಿಸಿದೆವು. ಕಳುಹಿಸುವಾಗ ಜಾಲದಿಂದ ಉತ್ತರ ಬಾರದೆ ನಮ್ಮ ಪ್ರೋಗ್ರಾಂ ಮತ್ತೆ ಯತ್ನಿಸಿದರೆ ಅದೂ ಎರಡು ಎಂದು ದಾಖಲಾಗುತ್ತಿತ್ತು. ಪ್ರತಿ ನೆನಪೋಲೆಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ಒಮ್ಮೆ ಮಾತ್ರ ಎಣಿಸುವಂತೆ ತಿದ್ದಿದೆವು.

ಹಾಗಾದರೆ ನೆನಪೋಲೆಯನ್ನಲ್ಲದೆ ಇನ್ನೇನನ್ನು ಎಣಿಸಬೇಕು? ಬಳಕೆದಾರರ ಖಾತೆಗಳನ್ನು ಎಣಿಸಬಹುದಿತ್ತು. ಆದರೆ ಖಾತೆಗೆ ದರ ಇಟ್ಟರೆ ಜನ ಒಂದೇ ಪಾಸ್‌ವರ್ಡನ್ನು ಹಂಚಿಕೊಳ್ಳುತ್ತಾರೆ, ಅದನ್ನು ತಡೆಯಲು ಹೋದರೆ ಗ್ರಾಹಕರ ಮೇಲೆ ಕಾವಲು ಕೂರಬೇಕಾಗುತ್ತದೆ. ಕ್ಯಾಲೆಂಡರ್‌ಗಳನ್ನು ಎಣಿಸುವುದು ನನ್ನ ಜೊತೆಗಾರ್ತಿಗೆ ಹೊಳೆದದ್ದು. ಸೇವೆ ಕೊಡುವ ಪ್ರತಿಯೊಬ್ಬರಿಗೂ ಒಂದು ಕ್ಯಾಲೆಂಡರ್ ಬೇಕು. ಇಬ್ಬರು ಒಂದನ್ನೇ ಹಂಚಿಕೊಂಡರೆ ಒಂದೇ ಹೊತ್ತಿಗೆ ಎರಡು ಅಪಾಯಿಂಟ್‌ಮೆಂಟ್ ಕೊಡಲು ಆಗುವುದಿಲ್ಲ, ಹೀಗಾಗಿ ಹಂಚಿಕೊಳ್ಳುವ ಆಸೆ ತಾನಾಗಿಯೇ ಇಳಿಯುತ್ತದೆ. ವ್ಯವಹಾರ ಬೆಳೆದಾಗ ಮಾತ್ರ ಕ್ಯಾಲೆಂಡರ್ ಹೆಚ್ಚುತ್ತದೆ. ಬಿಲ್ ಏರಿದ ದಿನ ಗ್ರಾಹಕನ ಸಂಪಾದನೆಯೂ ಏರಿರುತ್ತದೆ. ಇವೆಲ್ಲಕ್ಕಿಂತ ದೊಡ್ಡದು, ಕ್ಯಾಲೆಂಡರ್ ಎಣಿಸಿದರೆ ಯಾರೂ ನೆನಪೋಲೆ ನಿಲ್ಲಿಸುವುದಿಲ್ಲ.

ಮೂರು ಹಂತಗಳನ್ನು ಗುರುತು ಹಾಕಿದೆವು. ಮೊದಲನೆಯದು 60, ಒಂದು ಕ್ಯಾಲೆಂಡರ್, 200 ನೆನಪೋಲೆ ಸೇರಿ. ಎರಡನೆಯದು 130, ಐದು ಕ್ಯಾಲೆಂಡರ್, 1,000 ನೆನಪೋಲೆ. ಮೂರನೆಯದು 350, ಇಪ್ಪತ್ತು ಕ್ಯಾಲೆಂಡರ್, 4,000 ನೆನಪೋಲೆ. ಸೇರಿಸಿ ಕೊಟ್ಟದ್ದು ಮುಗಿದ ಮೇಲೆ ಒಂದಕ್ಕೆ 0.08. ನಮ್ಮ ಖರ್ಚು 0.05 ಆದ್ದರಿಂದ ಇದರಲ್ಲಿ ನಷ್ಟವಿಲ್ಲ, ದಂಡ ಹಾಕಿದಂತೆಯೂ ಇಲ್ಲ. ಮೇಲೆ ಹೇಳಿದ ಗ್ರಾಹಕ ಕ್ಯಾಲೆಂಡರ್ ಸಂಖ್ಯೆಯಿಂದಾಗಿ ಎರಡನೆಯ ಹಂತಕ್ಕೆ ಬರುತ್ತಾನೆ, ಅವನಿಗೆ ಈಗ ಐದು ತಿಂಗಳು 130, ಗದ್ದಲದ ತಿಂಗಳಲ್ಲಿ 210.

ಮತ್ತೆ ಹಳೆಯ ಬಳಕೆಯ ಮೇಲೆ ಬಿಲ್ ಹಾಕಿದಾಗ ಸರಾಸರಿಯಲ್ಲಿ ಕಾಣದ ಒಂದು ತಪ್ಪು ಹೊರಬಿತ್ತು. ಸಣ್ಣ ಗುಂಪಿನ 22 ಮಂದಿಗೆ ಎರಡು ಕ್ಯಾಲೆಂಡರ್ ಇದ್ದವು. ಹೆಚ್ಚಾಗಿ ಗಂಡ ಹೆಂಡತಿ ಸೇರಿ ನಡೆಸುವ, ಇಲ್ಲವೇ ಒಬ್ಬ ಸಹಾಯಕರಿರುವ ವ್ಯವಹಾರಗಳು. ಬಳಕೆ 200ರ ಒಳಗೇ ಇದ್ದರೂ ಅವರು 100ರಿಂದ 130ಕ್ಕೆ ಏರುತ್ತಿದ್ದರು. ಯಾರಿಗಾಗಿ ದರ ಇಳಿಸಲು ಹೊರಟಿದ್ದೆವೋ ಅವರಿಗೇ ಏರಿಕೆ! ಮೊದಲ ಹಂತವನ್ನು ಎರಡು ಕ್ಯಾಲೆಂಡರ್‌ಗೆ ವಿಸ್ತರಿಸಿದೆವು. ಅದರಿಂದ ಎರಡೇ ಕ್ಯಾಲೆಂಡರ್ ಇದ್ದು ಸುಮಾರು 350 ನೆನಪೋಲೆ ಕಳುಹಿಸುತ್ತಿದ್ದ ಒಂಬತ್ತು ಮಧ್ಯಮ ಗ್ರಾಹಕರು ಕೆಳಗಿನ ಹಂತಕ್ಕೆ ಜಾರಿ 130ರ ಬದಲು 72 ಕೊಡುವಂತಾಯಿತು. ತಿಂಗಳಿಗೆ 522 ಕೈಬಿಟ್ಟಿತು. ಬಿಡಲಿ ಎಂದುಕೊಂಡೆವು.

ಗ್ರಾಹಕ ತಪ್ಪು ಹಂತ ಆರಿಸಿಕೊಂಡು ಹೆಚ್ಚು ತೆರುವುದು ನಮಗೆ ಬೇಡವಾಗಿತ್ತು. ಆದ್ದರಿಂದ ತಿಂಗಳ ಕೊನೆಯಲ್ಲಿ ಅವನ ಕ್ಯಾಲೆಂಡರ್ ಸಂಖ್ಯೆಗೆ ಹೊಂದುವ ಹಂತಗಳಲ್ಲಿ ಯಾವುದು ಅಗ್ಗವೋ ಅದನ್ನೇ ವಿಧಿಸುವಂತೆ ಮಾಡಿದೆವು. ಇಡೀ ದರಪಟ್ಟಿ ಇಷ್ಟರಲ್ಲಿ ಮುಗಿಯುತ್ತದೆ:

```python
def bill(sent, calendars):
    plans = [(60, 2, 200), (130, 5, 1000), (350, 20, 4000)]
    return min(p + max(0, sent - m) * 0.08
               for p, c, m in plans if calendars <= c)
```

ಇನ್ನು ಉಳಿದದ್ದು ಕಷ್ಟದ ಪ್ರಶ್ನೆ. 150 ಜನರಿಗೆ 100ರಿಂದ 60ಕ್ಕೆ ಇಳಿಸುವುದು ನಮಗೆ ತಾಳುತ್ತದೆಯೇ? ತಿಂಗಳಿಗೆ ಶೇಕಡಾ 6 ಜನ ಬಿಟ್ಟುಹೋಗುತ್ತಿದ್ದರೆ ಒಬ್ಬ ಗ್ರಾಹಕ ಸರಾಸರಿ 17 ತಿಂಗಳು ಇರುತ್ತಾನೆ ಎಂದರ್ಥ. ಖರ್ಚು ಕಳೆದು ಅವನಿಂದ ತಿಂಗಳಿಗೆ 94 ಉಳಿಯುತ್ತಿತ್ತು, ಒಟ್ಟು ಸುಮಾರು 1,567. ಹೊಸ ದರದಲ್ಲಿ ತಿಂಗಳಿಗೆ ಉಳಿಯುವುದು 54. ಅಷ್ಟೇ ಮೊತ್ತ ಬರಬೇಕಾದರೆ ಅವನು 29 ತಿಂಗಳು ಇರಬೇಕು, ಅಂದರೆ ಬಿಟ್ಟುಹೋಗುವವರು ಶೇಕಡಾ 3.4ಕ್ಕೆ ಇಳಿಯಬೇಕು. ಈ ಅಂಕಿಯನ್ನು ದರ ಬದಲಿಸುವ ಮೊದಲೇ ಗೋಡೆಯ ಮೇಲೆ ಬರೆದಿಟ್ಟೆವು. ಆರು ತಿಂಗಳಲ್ಲಿ ಅಲ್ಲಿಗೆ ಇಳಿಯದಿದ್ದರೆ ಸೋತೆವೆಂದು ಒಪ್ಪಿಕೊಳ್ಳಬೇಕು ಎಂಬ ಕರಾರಿನೊಂದಿಗೆ. ಆರು ತಿಂಗಳೇ ಏಕೆಂದರೆ, ತಿಂಗಳಿಗೆ ಒಂಬತ್ತು ಜನ ಹೋಗುವ ಕಡೆ ಆರು ಅಥವಾ ಹನ್ನೆರಡು ಆಗುವುದು ಕೇವಲ ಆಕಸ್ಮಿಕವಿರಬಹುದು. ಒಂದೆರಡು ತಿಂಗಳ ಅಂಕಿ ನೋಡಿ ಹಿಗ್ಗುವುದೂ ಕುಗ್ಗುವುದೂ ಎರಡೂ ತಪ್ಪು.

ಹೊಸ ದರಪಟ್ಟಿ ಹೊಸಬರಿಗೆ ಆ ದಿನವೇ ಜಾರಿಯಾಯಿತು. ಏರಿಕೆ ಕಾಣುವ ಹಳಬರಿಗೆ 90 ದಿನಗಳ ಮುನ್ಸೂಚನೆ ಕೊಟ್ಟೆವು. ಇಳಿಕೆ ಕಾಣುವವರು ಬೇಕೆಂದಾಗ ಒಂದು ಗುಂಡಿ ಒತ್ತಿ ಬದಲಾಯಿಸಿಕೊಳ್ಳಬಹುದಿತ್ತು. ಕೇಳದವರಿಗೆ ಹಳೆಯ ದರವನ್ನೇ ಮುಂದುವರಿಸಿ ಎಂದು ಸಲಹೆ ಕೊಟ್ಟವರಿದ್ದರು. ಅದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಪಕ್ಕದವನು 60 ಕೊಡುತ್ತಿದ್ದಾನೆಂದು ಒಂದು ದಿನ ಗೊತ್ತಾದ ಗ್ರಾಹಕ ಮತ್ತೆ ನಮ್ಮನ್ನು ನಂಬುವುದಿಲ್ಲ. ಆದ್ದರಿಂದ ಎಲ್ಲರಿಗೂ ಪತ್ರ ಹೋಯಿತು, 90 ದಿನಗಳ ನಂತರ ಉಳಿದವರನ್ನೂ ನಾವೇ ಬದಲಾಯಿಸಿದೆವು.

ಈ ಕ್ರಮಕ್ಕೆ ಬೆಲೆ ತೆರಬೇಕಾಯಿತು. ಇಳಿಕೆ ತಕ್ಷಣ ಆಗುತ್ತದೆ, ಏರಿಕೆ ಮೂರು ತಿಂಗಳು ತಡವಾಗುತ್ತದೆ. ಮೊದಲ ತಿಂಗಳಲ್ಲೇ 60 ಮಂದಿ ಬದಲಾಯಿಸಿಕೊಂಡರು, ಮೂರನೆಯ ತಿಂಗಳಿಗೆ 100 ಮಂದಿ. ಬಿಟ್ಟುಹೋದವರನ್ನು ಪಕ್ಕಕ್ಕಿಟ್ಟರೂ ಹಳಬರಿಂದ ಬರುವ ಮೊತ್ತ 24,000ದಿಂದ 20,000ಕ್ಕೆ ಇಳಿಯಿತು. ಆ ತಿಂಗಳುಗಳ ಅಂಕಿಯನ್ನು ಮೊದಲೇ ಬರೆದುಕೊಂಡಿದ್ದರಿಂದ ನಾವು ಗಾಬರಿಯಾಗಲಿಲ್ಲ. ಕೈಯಲ್ಲಿ ಮೂರು ತಿಂಗಳ ಖರ್ಚಿಗೆ ಹಣವಿಲ್ಲದವರು ಈ ಕ್ರಮ ಹಿಡಿಯಬಾರದು.

ದೊಡ್ಡ ಗ್ರಾಹಕರು ಇಪ್ಪತ್ತೂ ಜನರೊಂದಿಗೆ ಫೋನಿನಲ್ಲಿ ಮಾತಾಡಿದೆವು. 100ರಿಂದ 350 ಎಂಬುದನ್ನು ಪತ್ರದಲ್ಲಿ ಮಾತ್ರ ಹೇಳುವುದು ಸರಿಯಲ್ಲ. ಅವರ ಬಳಕೆಯನ್ನೂ ಅದಕ್ಕೆ ನಮಗಾಗುವ ಖರ್ಚನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆವು. ಒಬ್ಬರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ನೋಡಿ, ಇಷ್ಟು ಕಡಿಮೆ ದರದಲ್ಲಿ ನೀವು ಎಷ್ಟು ದಿನ ನಡೆಸುತ್ತೀರಿ ಎಂಬ ಅನುಮಾನ ನಮಗಿತ್ತು. ಬೇರೆ ವ್ಯವಸ್ಥೆ ಹುಡುಕಲು ಶುರುಮಾಡಿದ್ದೆವು." ಹದಿನೇಳು ಜನ ಉಳಿದರು. ಮೂವರು ಹೋದರು, ಅವರಲ್ಲಿ ತಿಂಗಳಿಗೆ 7,000 ನೆನಪೋಲೆ ಕಳುಹಿಸುತ್ತಿದ್ದವರೂ ಒಬ್ಬರು. ಹೋದವರು ಹಳೆಯ ದರದಲ್ಲಿ ಒಟ್ಟು 300 ಕೊಟ್ಟು 675 ಖರ್ಚು ಮಾಡಿಸುತ್ತಿದ್ದವರು. ಬೇಸರವಾಯಿತು, ನಷ್ಟವಾಗಲಿಲ್ಲ.

ಎಲ್ಲರೂ ಹೊಸ ದರಕ್ಕೆ ಬಂದ ಮೇಲೆ, ಹೋದ ಆ ಮೂವರನ್ನು ಬಿಟ್ಟು ಆರಂಭದ ಅದೇ ಗ್ರಾಹಕರ ಲೆಕ್ಕದಲ್ಲಿ, ಆದಾಯ 24,248 ಆಗುತ್ತಿತ್ತು. ಏರಿಕೆ ನಗಣ್ಯ. ಆದರೆ ಎಸ್‌ಎಂಎಸ್ ಖರ್ಚು 6,325ಕ್ಕೆ ಇಳಿದದ್ದರಿಂದ ಉಳಿಯುವ ಹಣ 17,000ದಿಂದ 17,923ಕ್ಕೆ ಏರಿತು. ಇಷ್ಟಕ್ಕಾಗಿ ಇಷ್ಟೆಲ್ಲ ಬೇಕಿತ್ತೇ ಎಂದು ಕೇಳಬಹುದು. ಉತ್ತರ ಸಣ್ಣವರ ಗುಂಪಿನಲ್ಲಿತ್ತು. ಆರು ತಿಂಗಳಲ್ಲಿ ಅಲ್ಲಿ 72 ಮಂದಿ ಹೊಸಬರು ಸೇರಿದರು, 27 ಮಂದಿ ಬಿಟ್ಟುಹೋದರು. ಹಳೆಯ ವೇಗದಲ್ಲಿ ಇಷ್ಟು ಜನರಲ್ಲಿ 60ಕ್ಕೂ ಹೆಚ್ಚು ಮಂದಿ ಹೋಗಬೇಕಿತ್ತು. ಬಿಟ್ಟುಹೋಗುವವರ ಪ್ರಮಾಣ ತಿಂಗಳಿಗೆ ಸುಮಾರು ಶೇಕಡಾ 2.6, ಗೋಡೆಯ ಮೇಲೆ ಬರೆದಿದ್ದ 3.4ರ ಕೆಳಗೆ. ಗುಂಪು 150ರಿಂದ 195ಕ್ಕೆ ಬೆಳೆಯಿತು. ಹೊಸಬರು ಇನ್ನೂ ಹೊಸ ಹುರುಪಿನಲ್ಲಿರುವುದರಿಂದ ಈ 2.6 ಮುಂದೆ ಸ್ವಲ್ಪ ಏರಬಹುದು. ಅದಕ್ಕೇ ಹಳಬರ ಲೆಕ್ಕವನ್ನೂ ಹೊಸಬರ ಲೆಕ್ಕವನ್ನೂ ಈಗ ಬೇರೆ ಬೇರೆ ಇಡುತ್ತಿದ್ದೇವೆ.

ಹಂತಗಳ ದರದಲ್ಲಿ ತೊಂದರೆ ಬರುವುದು ಹಂತದ ಅಂಚಿನಲ್ಲಿ. ನಮ್ಮಲ್ಲೂ ಬಂದಿದೆ. ಸರಿಯಾಗಿ ಐದು ಕ್ಯಾಲೆಂಡರ್ ಇರುವ ನಾಲ್ವರು ಗ್ರಾಹಕರು ತಿಂಗಳುಗಳಿಂದ ಆರನೆಯದನ್ನು ಸೇರಿಸಿಲ್ಲ. ಅವರ ನೆನಪೋಲೆಗಳು ಮಾತ್ರ ಏರುತ್ತಲೇ ಇವೆ. ಅವರಲ್ಲಿ ಒಬ್ಬರನ್ನು ಕೇಳಿದಾಗ, ಅರ್ಧ ದಿನ ಬರುವ ಇಬ್ಬರನ್ನು ಒಂದೇ ಕ್ಯಾಲೆಂಡರ್‌ನಲ್ಲಿ ಬೆಳಿಗ್ಗೆ, ಮಧ್ಯಾಹ್ನ ಎಂದು ಕೂರಿಸಿದ್ದಾಗಿ ಹೇಳಿದರು. ಕ್ಯಾಲೆಂಡರ್ ಹಂಚಿಕೊಳ್ಳುವುದಿಲ್ಲ ಎಂದು ನಾವು ನಂಬಿದ್ದೆವಲ್ಲ, ಅರ್ಧ ದಿನ ದುಡಿಯುವವರನ್ನು ಆ ಲೆಕ್ಕದಲ್ಲಿ ಮರೆತಿದ್ದೆವು. ಆರನೆಯ ಕ್ಯಾಲೆಂಡರ್‌ಗಾಗಿ 130ರಿಂದ 350ಕ್ಕೆ ಜಿಗಿಯುವುದು ಯಾರಿಗಾದರೂ ಕಷ್ಟವೇ. ಈಗ ಐದರ ಮೇಲಿನ ಪ್ರತಿ ಕ್ಯಾಲೆಂಡರ್‌ಗೆ 45 ಸೇರಿಸಿ, ಮೂರನೆಯ ಹಂತದ ದರ ಮುಟ್ಟುವವರೆಗೆ ಹಾಗೇ ಏರುವ ವ್ಯವಸ್ಥೆಯನ್ನು ಹಳೆಯ ಬಳಕೆಯ ಮೇಲೆ ಹಾಕಿ ನೋಡುತ್ತಿದ್ದೇವೆ. ಆರು ಕ್ಯಾಲೆಂಡರ್‌ಗೆ 175, ಒಂಬತ್ತಕ್ಕೆ 310, ಹತ್ತಕ್ಕೆ 350. ಈಗ 350 ಕೊಡುತ್ತಿರುವ ಹದಿನೇಳು ಜನರಲ್ಲಿ ಆರರಿಂದ ಒಂಬತ್ತು ಕ್ಯಾಲೆಂಡರ್ ಇರುವವರು ಐದು ಮಂದಿ. ಅವರ ಬಿಲ್ ಇಳಿಯುತ್ತದೆ. ಆ ನಾಲ್ವರು ಆರನೆಯದನ್ನು ಸೇರಿಸಿದರೆ ಆ ಇಳಿಕೆ ತುಂಬಿಬರುತ್ತದೆಯೇ ಎಂಬ ಲೆಕ್ಕ ಈ ವಾರ ಮೇಜಿನ ಮೇಲಿದೆ.